ಸ್ಯಾಂಕ್ಷನ್ ಲೆಟರೂ, ಹೊಗೆಸೊಪ್ಪಿನ ದುಡ್ಡೂ, ಮೂರು ಅಂಕಿಯ ಸುಳ್ಳೂ

"ಎಲ್ಲಾ ಬ್ಯಾಂಕಿನ ಸ್ಯಾಂಕ್ಷನ್ ಲೆಟರೂ ಒಂದೇ ಗುರೂ. ಬಡ್ಡಿ ನೋಡು, ಇಎಂಐ ನೋಡು, ಸೈನ್ ಹಾಕು."

ಈ ಮಾತನ್ನು ಆಫೀಸಿನ ಊಟದ ಟೇಬಲ್ಲಿನಲ್ಲಿ ಎಷ್ಟು ಸಲ ಕೇಳಿದ್ದೀನೋ ಲೆಕ್ಕ ಇಟ್ಟಿಲ್ಲ. ಹೇಳೋರೆಲ್ಲ ಇಂಜಿನಿಯರುಗಳು. ನಾಲ್ಕು ಸಾಲಿನ ಕೋಡ್ ಬದಲಾಯಿಸಿದರೆ ಹದಿನಾಲ್ಕು ಕಾಮೆಂಟ್ ಹಾಕಿ ವಾಪಸ್ ಕಳಿಸೋ ಮಹಾನುಭಾವರು. ಅದೇ ಜನ ಹದಿನೈದು ಇಪ್ಪತ್ತು ವರ್ಷದ ಒಪ್ಪಂದಕ್ಕೆ, ಎರಡನೇ ಪುಟ ನೋಡಿ ಹನ್ನೊಂದನೇ ಪುಟದಲ್ಲಿ ಸೈನ್ ಹಾಕಿ ಬರ್ತಾರೆ. ಅವರಿಗೆ ಏನೂ ಆಗಲ್ಲ ಅನ್ನೋದೂ ನಿಜವೇ ಅನ್ನಿ. ತಿಂಗಳಿಗೊಂದು ಸಂಬಳ, ತಿಂಗಳಿಗೊಂದು ಕಂತು, ವರ್ಷಕ್ಕೊಂದು ಬೋನಸ್. ಏನಾದರೂ ಹೆಚ್ಚುಕಮ್ಮಿ ಆದರೆ ಬೇರೆ ಬ್ಯಾಂಕಿಗೆ ಸಾಲ ವರ್ಗಾಯಿಸಿಕೊಳ್ಳುವಷ್ಟು ಇಂಗ್ಲಿಷೂ ಗೊತ್ತು.

ನನ್ನ ತಕರಾರು ಏನಂದ್ರೆ, ಇವರು ಅದೇ ಸಲಹೆಯನ್ನು ಊರಿನವರಿಗೂ ಕೊಡ್ತಾರೆ. ಊರಿನಲ್ಲಿ ಸಂಬಳ ಅನ್ನೋದೇ ಇಲ್ಲ.

ನನ್ನ ಊರು ಬಿಳಿಕೆರೆ ಹೋಬಳಿ, ಹುಣಸೂರು ತಾಲ್ಲೂಕು. ಮೈಸೂರಿಂದ ಹುಣಸೂರಿಗೆ ಹೋಗೋ ದಾರೀಲಿ, ಕೆ.ಆರ್. ನಗರ, ಹಾಸನದ ಕಡೆಗೆ ಹೆದ್ದಾರಿ ಒಡೆಯುತ್ತಲ್ಲ, ಅದೇ ಬಿಳಿಕೆರೆ. ಇಲ್ಲಿಂದ ಪಿರಿಯಾಪಟ್ಟಣ, ಎಚ್.ಡಿ. ಕೋಟೆವರೆಗೂ ವರ್ಜೀನಿಯಾ ಹೊಗೆಸೊಪ್ಪಿನ ಸೀಮೆ. (ಹೊಗೆಸೊಪ್ಪು ಬೆಳೀಬೇಕೋ ಬೇಡವೋ ಅನ್ನೋ ಜಗಳ ಇನ್ನೊಂದು ದಿನಕ್ಕೆ ಇಟ್ಟುಕೊಳ್ಳೋಣ, ನನಗೂ ಅದರ ಮೇಲೆ ಅಭಿಪ್ರಾಯ ಇದೆ.) ಇಲ್ಲಿ ದುಡ್ಡು ತಿಂಗಳು ತಿಂಗಳು ಬರಲ್ಲ. ಸೊಪ್ಪು ಬ್ಯಾರನ್ನಿನಲ್ಲಿ ಬೆಂದು, ತಂಬಾಕು ಮಂಡಳಿಯ ಹರಾಜು ಮಾರ್ಕೆಟ್ಟಿಗೆ ಹೋಗಿ, ಬೆಳೆಸಾಲ ಕಳೆದು ಉಳಿದದ್ದು ಖಾತೆಗೆ ಬೀಳುತ್ತೆ. ಮಳೆಗಾಲ ಮುಗಿದ ಮೇಲೆ ಕೆಲವು ತಿಂಗಳು ಕೈ ತುಂಬಾ ದುಡ್ಡು, ಆಮೇಲೆ ಮುಂದಿನ ಹರಾಜಿನವರೆಗೂ ಒಣಗಿದ ಜೇಬು. ಇಂಥವರ ಸಾಲದ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಲು ಬಡ್ಡಿದರದ್ದಲ್ಲ. ಹರಾಜಿನ ದುಡ್ಡು ಬಂದಾಗ ಒಂದಷ್ಟನ್ನು ಸಾಲಕ್ಕೆ ಕಟ್ಟಬಹುದಾ, ಕಟ್ಟಿದರೆ ದಂಡ ಇದೆಯಾ ಅನ್ನೋ ಸಾಲು. ಅದು ಯಾವಾಗಲೂ ಎಂಟನೇ ಪುಟದಲ್ಲಿ ಇರುತ್ತೆ.

ಈ ವರ್ಷ ಜನವರಿಯಲ್ಲಿ ನಮ್ಮ ಚಿಕ್ಕಪ್ಪ ಊರಲ್ಲೇ ಒಂದು ಕಟ್ಟಿದ ಮನೆ ಕೊಳ್ಳೋಕೆ ಸಾಲಕ್ಕೆ ಅರ್ಜಿ ಹಾಕಿ, ಮಂಜೂರಾತಿ ಪತ್ರ ತಂದು ನನ್ನ ಕೈಗೆ ಕೊಟ್ಟರು. ಬ್ಯಾಂಕಿನ ಹೆಸರು ಬೇಡ. "ಓದ್ದೋನು ನೀನು, ಒಂದೇ ಮಾತಲ್ಲಿ ಹೇಳ್ಬುಡು ಮಗ. ಬಡ್ಡಿ ಎಷ್ಟು, ತಿಂಗ್ಳಿಗೆ ಎಷ್ಟು, ಎಷ್ಟು ವರ್ಷ?" ಅಂದರು. ಬ್ಯಾಂಕಿನಲ್ಲೂ ಅವರಿಗೆ ಇದೇ ಮೂರು ಅಂಕಿ ಬಾಯಲ್ಲಿ ಹೇಳಿ ಕಳಿಸಿದ್ದರು. ಬಡ್ಡಿ 9, ಕಂತು 15,214, ವರ್ಷ 15. ಸಾಲ 15 ಲಕ್ಷ.

ಈ ಮೂರೂ ಅಂಕಿ ಪತ್ರದಲ್ಲಿ ಇದ್ದವು. ಹಾಗಾಗಿ ಯಾರೂ ಸುಳ್ಳು ಹೇಳಿದರು ಅನ್ನೋಕಾಗಲ್ಲ. ಆದರೆ ಆ ಮೂರು ಅಂಕಿಗಳ ಪಕ್ಕದಲ್ಲಿ "ಸದ್ಯಕ್ಕೆ", "ಮೊದಲ 36 ತಿಂಗಳು", "ಬ್ಯಾಂಕಿನ ವಿವೇಚನೆಗೆ ಒಳಪಟ್ಟು" ಅನ್ನೋ ಪದಗಳೂ ಇದ್ದವು. ಸಾರಾಂಶ ಮಾಡೋರು ಅಂಕಿ ಇಟ್ಟುಕೊಂಡು ಈ ಪದಗಳನ್ನು ಎಸೀತಾರೆ. ನಾನು ಹೇಳೋದು ಉಲ್ಟಾ. ಅಂಕಿ ಬೇಕಾದರೆ ಒಂದೆರಡು ಬಿಡಿ, ಷರತ್ತಿನ ಪದ ಒಂದೂ ಬಿಡಬೇಡಿ. ಯಾಕೆ ಅಂತ ಈ ಪತ್ರವನ್ನೇ ಇಟ್ಟುಕೊಂಡು ನೋಡೋಣ.

ಬಡ್ಡಿಯ ಬಗೆಯಿಂದ ಶುರು ಮಾಡ್ತೀನಿ. ಎರಡನೇ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಫಿಕ್ಸೆಡ್ ಅಂತ ಇತ್ತು. ಅದರ ಕೆಳಗೆ ಸಣ್ಣಕ್ಷರದಲ್ಲಿ, 36 ತಿಂಗಳ ನಂತರ ರೆಪೋ ದರ ಕೂಡಿಸು 3.75, ಮೂರು ತಿಂಗಳಿಗೊಮ್ಮೆ ಬದಲಾವಣೆ ಅಂತ ಇತ್ತು. ಅಂದರೆ ಇದು ಅರ್ಧ ಸ್ಥಿರ, ಅರ್ಧ ಏರಿಳಿಯುವ ಸಾಲ, ಹೈಬ್ರಿಡ್. ಹದಿನೈದರಲ್ಲಿ ಮೂರೇ ವರ್ಷ ಫಿಕ್ಸೆಡ್. ಇದನ್ನು "ಫಿಕ್ಸೆಡ್ ಸಾರ್" ಅಂತ ಕರೆಯೋದು, ಮೂರು ಕಿಲೋಮೀಟರ್ ಟಾರು ಇರೋ ಹದಿನೈದು ಕಿಲೋಮೀಟರ್ ರಸ್ತೆಯನ್ನ ಟಾರ್ ರೋಡು ಅಂದ ಹಾಗೆ.

ಇದು ಹೊಸ ಆಟವೇನಲ್ಲ. 2009ರಲ್ಲಿ ಸ್ಟೇಟ್ ಬ್ಯಾಂಕ್ ಮೊದಲ ವರ್ಷ 8 ಪರ್ಸೆಂಟ್ ಅಂತ ಮನೆಸಾಲ ಬಿಟ್ಟಾಗ ಎಷ್ಟು ಚರ್ಚೆ ಆಗಿತ್ತು ಅನ್ನೋದು ನಿಮ್ಮಲ್ಲಿ ಹಳಬರಿಗೆ ನೆನಪಿರಬಹುದು. ಅಂಥ ಸಾಲಗಳಿಗೆ ಬ್ಯಾಂಕುಗಳು ಹೆಚ್ಚು ಹಣ ತೆಗೆದಿಡಬೇಕು ಅಂತ ರಿಸರ್ವ್ ಬ್ಯಾಂಕ್ 2010ರ ನವೆಂಬರಿನಲ್ಲಿ ಹೇಳಿದ್ದೇ, ಮೊದಲಿನ ಸಿಹಿ ದರ ಮುಗಿದ ಮೇಲೆ ಜನ ಕಂತು ಕಟ್ಟೋಕೆ ಒದ್ದಾಡ್ತಾರೆ ಅನ್ನೋ ಭಯಕ್ಕೆ.

ಏರಿಳಿಯುವ ಬಡ್ಡಿ ಅಂದ್ರೆ ಎಷ್ಟು ಏರಬಹುದು? ಊಹೆ ಬೇಡ, ನಡೆದದ್ದನ್ನೇ ನೋಡಿ. 2022ರ ಏಪ್ರಿಲಿನಲ್ಲಿ ರೆಪೋ ದರ 4.00 ಇತ್ತು. 2023ರ ಫೆಬ್ರವರಿಗೆ 6.50 ಆಯ್ತು. ಹತ್ತೇ ತಿಂಗಳಲ್ಲಿ ಎರಡೂವರೆ ಪರ್ಸೆಂಟ್. 2019ರ ಅಕ್ಟೋಬರಿನಿಂದ ಬ್ಯಾಂಕುಗಳ ಹೊಸ ಏರಿಳಿಯುವ ಮನೆಸಾಲಗಳು ರೆಪೋದಂಥ ಹೊರಗಿನ ದರಕ್ಕೆ ಅಂಟಿಕೊಂಡಿರೋದರಿಂದ, ಏರಿದ್ದೆಲ್ಲ ನೇರ ಸಾಲಗಾರನ ತಲೆ ಮೇಲೆ. 2025ರಲ್ಲಿ ಅದೇ ರೆಪೋ ಇಳಿದು ಡಿಸೆಂಬರಿಗೆ 5.25ಕ್ಕೆ ಬಂತು, ಇಳಿಕೆಯೂ ಸಿಕ್ಕಿತು, ಇಲ್ಲ ಅನ್ನಲ್ಲ. ಪತ್ರದಲ್ಲಿ ನೋಡಬೇಕಾದ್ದು ಇಂದಿನ ದರವನ್ನಲ್ಲ. ಯಾವ ದರಕ್ಕೆ ಕಟ್ಟಿದ್ದಾರೆ, ಅದರ ಮೇಲೆ ಎಷ್ಟು ಸೇರಿಸಿದ್ದಾರೆ, ಎಷ್ಟು ತಿಂಗಳಿಗೊಮ್ಮೆ ಬದಲಾಗುತ್ತೆ, ಈ ಮೂರನ್ನು. ಚಿಕ್ಕಪ್ಪನ ಪತ್ರದಲ್ಲಿ 5.25ಕ್ಕೆ 3.75 ಕೂಡಿಸಿದರೆ ಇವತ್ತಿಗೂ ಅದೇ 9. ಅಂದರೆ ಫಿಕ್ಸೆಡ್ ಅವಧಿ ಮುಗಿದ ಮೇಲೆ ಇಳಿಯುತ್ತೆ ಅನ್ನೋ ಆಸೆಯೂ ಇಲ್ಲ, ರೆಪೋ ಇಳಿಯದ ಹೊರತು.

ಈಗ ಅವಧಿ. 15 ವರ್ಷ ಅಂತ ಬರೆದಿದ್ದನ್ನು ಎಲ್ಲರೂ ಕಲ್ಲಿನ ಮೇಲಿನ ಬರಹ ಅಂದುಕೊಳ್ತಾರೆ. ಏರಿಳಿಯುವ ಸಾಲದಲ್ಲಿ ಅವಧಿ ಅನ್ನೋದು ಒಂದು ಉತ್ತರ, ಪ್ರಶ್ನೆ ಅಲ್ಲ. ಬಡ್ಡಿ ಮತ್ತು ಕಂತು ಕೊಟ್ಟರೆ ಅವಧಿ ತಾನೇ ಹೊರಬರುತ್ತೆ. ನಮ್ಮ ಜನ ಎಕ್ಸೆಲ್ ಇಲ್ಲದೆ ಉಸಿರಾಡಲ್ಲವಲ್ಲ, ಇದನ್ನು ಹಾಕಿ ನೋಡಿ:

```
=NPER(9%/12,-15214,1500000)
=NPER(10%/12,-15214,1500000)
```

ಮೊದಲನೆಯದಕ್ಕೆ 180 ತಿಂಗಳು. ಎರಡನೆಯದಕ್ಕೆ ಸುಮಾರು 208. ಲೆಕ್ಕ ಸುಲಭ ಆಗಲಿ ಅಂತ ಸಾಲದ ಶುರುವಲ್ಲೇ ಬಡ್ಡಿ ಏರಿದೆ ಅಂದುಕೊಂಡಿದ್ದೀನಿ. ಒಂದೇ ಒಂದು ಪರ್ಸೆಂಟಿಗೆ 28 ಕಂತು ಜಾಸ್ತಿ, ದುಡ್ಡಲ್ಲಿ ಸುಮಾರು 4.2 ಲಕ್ಷ. ಕಂತು ಅದೇ 15,214, ಖಾತೆಯಿಂದ ಕಡಿತ ಆಗೋದೂ ಅಷ್ಟೇ, ಮನೆಯಲ್ಲಿ ಯಾರಿಗೂ ಗೊತ್ತಾಗಲ್ಲ. ಅವಧಿಯನ್ನು 15 ವರ್ಷಕ್ಕೇ ನಿಲ್ಲಿಸಿ ಕಂತನ್ನು ಏರಿಸಿದರೆ? ಕಂತು 16,119 ಆಗುತ್ತೆ, ತಿಂಗಳಿಗೆ 905 ಹೆಚ್ಚು. ಹದಿನೈದು ವರ್ಷಕ್ಕೆ ಒಟ್ಟು ಸುಮಾರು 1.63 ಲಕ್ಷ. ಒಂದೇ ಬಡ್ಡಿ ಏರಿಕೆ, ಒಂದು ದಾರಿಯಲ್ಲಿ 1.63 ಲಕ್ಷ, ಇನ್ನೊಂದರಲ್ಲಿ 4.2 ಲಕ್ಷ.

ಯಾವ ದಾರಿ ಅಂತ ಯಾರು ಆರಿಸೋದು? 2022-23ರಲ್ಲಿ ಎಷ್ಟೋ ಜನರಿಗೆ ಕೇಳದೇ ಅವಧಿ ಎಳೆದುಬಿಟ್ಟರು. ಅದಾದ ಮೇಲೆ 2023ರ ಆಗಸ್ಟ್ 18ರಂದು ರಿಸರ್ವ್ ಬ್ಯಾಂಕ್ ಹೇಳಿತು, ಬಡ್ಡಿ ಬದಲಾದಾಗ ಕಂತು ಏರಿಸೋದಾ, ಅವಧಿ ಎಳೆಯೋದಾ, ಎರಡೂ ಸ್ವಲ್ಪ ಸ್ವಲ್ಪ ಮಾಡೋದಾ ಅನ್ನೋ ಆಯ್ಕೆಯನ್ನು ಸಾಲಗಾರನಿಗೆ ಕೊಡಬೇಕು ಅಂತ. ಮಂಜೂರು ಮಾಡುವಾಗಲೇ ಇದರ ಪರಿಣಾಮ ತಿಳಿಸಬೇಕು ಅಂತಲೂ ಹೇಳಿತು. ಚಿಕ್ಕಪ್ಪನ ಪತ್ರದ ಆರನೇ ಪುಟದಲ್ಲಿ ಏನಿತ್ತು ಗೊತ್ತಾ? "ಕಂತು ಅಥವಾ ಅವಧಿಯನ್ನು ಬ್ಯಾಂಕ್ ತನ್ನ ವಿವೇಚನೆಯಂತೆ ಬದಲಿಸಬಹುದು." ಇಂಗ್ಲಿಷಿನಲ್ಲಿ ಇತ್ತು, ಅನುವಾದ ನನ್ನದು. ಹಳೇ ಟೆಂಪ್ಲೇಟು, ಯಾರೂ ತಿದ್ದಿಲ್ಲ. ಟೆಂಪ್ಲೇಟ್ ತಿದ್ದದ ಕೆಲಸ ಯಾವ ಜಾತಿಯದು ಅಂತ ನಮಗೆ ಚೆನ್ನಾಗಿ ಗೊತ್ತು :-)

ಶುಲ್ಕದ ವಿಚಾರಕ್ಕೆ ಬೇಗ ಬಂದು ಬೇಗ ಮುಗಿಸ್ತೀನಿ. ಹತ್ತನೇ ಪುಟದ ಅನುಬಂಧದಲ್ಲಿ ಪ್ರೊಸೆಸಿಂಗ್ ಶುಲ್ಕ 1 ಪರ್ಸೆಂಟ್, ಜಿಎಸ್‌ಟಿ ಸೇರಿ 17,700. ವಕೀಲರ ಅಭಿಪ್ರಾಯ ಮತ್ತು ಮನೆಯ ಬೆಲೆ ಕಟ್ಟಿದ್ದಕ್ಕೆ 6,500. ಜೀವವಿಮೆಯ ಒಂದೇ ಕಂತಿನ ಪ್ರೀಮಿಯಂ 48,000, ಅದೂ 15 ಲಕ್ಷದ ಒಳಗೇ. ಇವನ್ನೆಲ್ಲ ಕಳೆದರೆ ಮನೆ ಮಾರುವವರಿಗೆ ಕೊಡೋಕೆ ಕೈಗೆ ಬರೋದು 14,27,800. ಬಡ್ಡಿ ಕಟ್ಟೋದು ಮಾತ್ರ ಪೂರ್ತಿ 15 ಲಕ್ಷಕ್ಕೆ, ವಿಮೆಯ ಮೇಲೂ ಹದಿನೈದು ವರ್ಷ ಬಡ್ಡಿ. ನಿಜವಾದ ದರ ಎಷ್ಟು ಅಂತ ಹೀಗೆ ನೋಡಬಹುದು:

```
=RATE(180,-15214,1427800)*12
```

9 ಅಂತ ಹೇಳಿದ ಸಾಲ ಸುಮಾರು 9.85 ಆಗುತ್ತೆ. ಈ ಅಂಕಿಗೆ ಬ್ಯಾಂಕಿನವರು ಎಪಿಆರ್ ಅಂತಾರೆ. ಎರಡು ಬ್ಯಾಂಕನ್ನು ಹೋಲಿಸಬೇಕಾದರೆ ಇದನ್ನು ಹೋಲಿಸಿ. ಮನೆಗೆ ವಿಮೆ ಇರಬೇಕು ಅಂತ ಬ್ಯಾಂಕ್ ಕೇಳೋದರಲ್ಲಿ ಅರ್ಥ ಇದೆ. ಆದರೆ ಸಾಲ ಬೇಕಾದರೆ ನಮ್ಮ ಮೂಲಕವೇ ಈ ಜೀವವಿಮೆ ತಗೊಳ್ಳಿ ಅಂತ ಒತ್ತಾಯ ಮಾಡೋ ಹಾಗಿಲ್ಲ. ಚಿಕ್ಕಪ್ಪನಿಗೆ ಅದು ವಿಮೆ ಅಂತಲೇ ಗೊತ್ತಿರಲಿಲ್ಲ, "ಏನೋ ಸರ್ಕಾರದ ಟ್ಯಾಕ್ಸು" ಅಂದುಕೊಂಡಿದ್ದರು.

ಈಗ ಎಂಟನೇ ಪುಟ. ನಾನು ಈ ಪೋಸ್ಟ್ ಬರೀತಿರೋದೇ ಈ ಪುಟಕ್ಕಾಗಿ.

ಅಲ್ಲಿದ್ದದ್ದು ಇಷ್ಟು. ಫಿಕ್ಸೆಡ್ ಅವಧಿಯ ಮೊದಲ 24 ತಿಂಗಳು ಭಾಗಶಃ ಮುಂಗಡ ಪಾವತಿ ಇಲ್ಲ. ಮೂರನೇ ವರ್ಷದಲ್ಲಿ ಕಟ್ಟಬಹುದು, ಕಟ್ಟಿದ ಮೊತ್ತದ ಮೇಲೆ 2 ಪರ್ಸೆಂಟ್ ಶುಲ್ಕ, ತೆರಿಗೆ ಬೇರೆ. 36 ತಿಂಗಳ ನಂತರ ಶುಲ್ಕವಿಲ್ಲ.

ಇದು ಕಾನೂನಿಗೆ ವಿರುದ್ಧವಾ? ಅಲ್ಲ! ಅದೇ ನೋಡಿ ಸೂಕ್ಷ್ಮ. 2012ರ ಜೂನಿನಲ್ಲಿ ರಿಸರ್ವ್ ಬ್ಯಾಂಕ್ ಏರಿಳಿಯುವ ಬಡ್ಡಿಯ ಮನೆಸಾಲಕ್ಕೆ ಮುಂಗಡ ಪಾವತಿಯ ದಂಡ ನಿಲ್ಲಿಸಿತು. 2014ರ ಮೇನಲ್ಲಿ ವ್ಯಕ್ತಿಗಳ ಉಳಿದ ಏರಿಳಿಯುವ ಸಾಲಗಳಿಗೂ ಅದನ್ನು ಹಬ್ಬಿಸಿತು. 2025ರ ಜುಲೈ 2ರ ನಿರ್ದೇಶನ, 2026ರ ಜನವರಿ 1ರಿಂದ ಮಂಜೂರಾದ ಸಾಲಗಳಿಗೆ ಅನ್ವಯ ಆಗೋದು, ಇನ್ನೂ ಬಿಗಿ ಮಾಡಿತು. ಸ್ವಂತ ಬಳಕೆಗೆ ವ್ಯಕ್ತಿಗಳು ತಗೊಂಡ ಏರಿಳಿಯುವ ಸಾಲಕ್ಕೆ ದಂಡ ಇಲ್ಲ, ದುಡ್ಡು ಎಲ್ಲಿಂದ ತಂದಿರಿ ಅಂತ ಕೇಳೋ ಹಾಗಿಲ್ಲ, ಇಷ್ಟು ತಿಂಗಳು ಕಾಯಬೇಕು ಅಂತ ಹೇಳೋ ಹಾಗಿಲ್ಲ. ಎಲ್ಲ ಕಡೆ ಒಂದೇ ಪದ ಗಮನಿಸಿ, *ಏರಿಳಿಯುವ*. ಹೈಬ್ರಿಡ್ ಸಾಲವಾದರೆ, ದುಡ್ಡು ಕಟ್ಟುವ ದಿನ ಅದು ಏರಿಳಿಯುವ ಹಂತದಲ್ಲಿ ಇದೆಯಾ ಅನ್ನೋದೇ ಲೆಕ್ಕ. ಚಿಕ್ಕಪ್ಪನ ಸಾಲ ಮೊದಲ ಮೂರು ವರ್ಷ ಆ ರಕ್ಷಣೆಯ ಹೊರಗೆ.

ಅಂದರೆ ಬಡ್ಡಿಯ ಬಗೆ ಒಂದು ವಿಷಯ, ಮುಂಗಡ ಪಾವತಿ ಇನ್ನೊಂದು ವಿಷಯ ಅಂತ ನಾಲ್ಕು ಸಾಲಿನ ಟೇಬಲ್ ಮಾಡಿ ಬೀಗೋರೆಲ್ಲ ವಿಷಯ ಬಿಟ್ಟ ಹಾಗೆ. ಎರಡನೇ ಪುಟದ "ಫಿಕ್ಸೆಡ್" ಅನ್ನೋ ಪದವೇ ಎಂಟನೇ ಪುಟದ ಬಾಗಿಲು ಮುಚ್ಚಿದ್ದು. ಬಡ್ಡಿ ಏರಲ್ಲ, ನಿಶ್ಚಿಂತೆ ಅಂತ ಹೇಳಿ ಮಾರಿದ್ದಾರೆ. ಸಂಬಳದವನಿಗೆ ಅದು ನಿಶ್ಚಿಂತೆಯೇ ಇರಬಹುದು. ಹರಾಜಿನ ದುಡ್ಡಿನವನಿಗೆ ಅದು ಎರಡು ಹಂಗಾಮಿನ ಬೀಗ.

ಬೀಗದ ಬೆಲೆ ಎಷ್ಟು? ಒಂದು ವರ್ಷ ಕಂತು ಕಟ್ಟಿದ ಮೇಲೆ ಬಾಕಿ ಅಸಲು ಸುಮಾರು 14.50 ಲಕ್ಷ ಇರುತ್ತೆ. ಆಗ ಹರಾಜಿನ ದುಡ್ಡಲ್ಲಿ ಒಂದು ಲಕ್ಷ ಕಟ್ಟಿ, ಕಂತನ್ನು ಹಾಗೇ ಇಟ್ಟರೆ, ಬಡ್ಡಿ 9ರಲ್ಲೇ ಇದೆ ಅಂದುಕೊಂಡರೆ, ಉಳಿದ 168 ತಿಂಗಳು 147ಕ್ಕೆ ಇಳಿಯುತ್ತೆ. 21 ಕಂತು ಮಾಯ! ಒಂದು ಲಕ್ಷ ಕಟ್ಟಿದ್ದಕ್ಕೆ ಕೊನೆಯಲ್ಲಿ ಸುಮಾರು 3.25 ಲಕ್ಷದ ಕಂತು ತಪ್ಪುತ್ತೆ. ಅದೇ ಲಕ್ಷವನ್ನು ಮೂರು ವರ್ಷ ತುಂಬೋವರೆಗೂ ಕಾದು ಕಟ್ಟಿದರೆ ತಪ್ಪೋದು 18 ಕಂತು. ವ್ಯತ್ಯಾಸ ಸುಮಾರು ಐವತ್ತು ಸಾವಿರ. ಆ ಎರಡು ವರ್ಷ ದುಡ್ಡನ್ನು ಎಫ್‌ಡಿಯಲ್ಲಿ ಇಡಬಹುದಲ್ಲ ಅಂತ ಯಾರಾದರೂ ಕೇಳ್ತೀರಿ, ನ್ಯಾಯವಾದ ಪ್ರಶ್ನೆ. ಇಡಬಹುದು, ಸ್ವಲ್ಪ ನಷ್ಟ ತುಂಬುತ್ತೆ, ಆದರೆ ಎಫ್‌ಡಿ ಬಡ್ಡಿ ಸಾಲದ ಬಡ್ಡಿಗಿಂತ ಕಮ್ಮಿ. ಅದಕ್ಕಿಂತ ದೊಡ್ಡ ಮಾತು, ಊರಲ್ಲಿ ಖಾತೆಯಲ್ಲಿ ಒಂದು ಲಕ್ಷ ಇದೆ ಅಂತ ಗೊತ್ತಾದ ಮೇಲೆ ಅದು ಎರಡು ವರ್ಷ ಉಳಿಯುತ್ತಾ? ಒಂದು ಮದುವೆ, ಒಂದು ಬೋರ್‌ವೆಲ್, ಯಾರದೋ ಆಸ್ಪತ್ರೆ. ಸಾಲಕ್ಕೆ ಹೋದ ದುಡ್ಡು ಮಾತ್ರ ವಾಪಸ್ ಬಂದು ಯಾರ ಕೈಗೂ ಸಿಗಲ್ಲ.

ಇನ್ನೊಂದು ಸಣ್ಣ ಮೋಸ ಇದೆ, ಇದು ಪತ್ರದಲ್ಲಿ ಕಾಣಲ್ಲ. ಮುಂಗಡ ಕಟ್ಟಿದಾಗ ಕಂತು ಕಮ್ಮಿ ಮಾಡಬೇಕಾ ಅವಧಿ ಕಮ್ಮಿ ಮಾಡಬೇಕಾ ಅಂತ ಬರೆದು ಕೊಡದಿದ್ದರೆ, ಕಂತು ಇಳಿಸಿ ಅವಧಿ ಹಾಗೇ ಬಿಡಬಹುದು. ಆಗ ಮೇಲಿನ 21 ತಿಂಗಳ ಲೆಕ್ಕ ಕೈಬಿಟ್ಟು ಹೋಯ್ತು. ಕೆಲವು ಕಡೆ ದುಡ್ಡು ಅಸಲಿಗೆ ಹೋಗದೆ ಮುಂದಿನ ಕಂತುಗಳ ಮುಂಗಡ ಅಂತ ಖಾತೆಯಲ್ಲೇ ಕೂತಿರುತ್ತೆ. ತಿಳಿಯೋದು ಹೇಗೆ ಅಂದ್ರೆ, ಕಟ್ಟಿದ ಮುಂದಿನ ತಿಂಗಳ ಸ್ಟೇಟ್‌ಮೆಂಟ್ ತೆಗೆಸಿ ಬಾಕಿ ಅಸಲು ನೋಡಿ. ಪೂರ್ತಿ ಒಂದು ಲಕ್ಷ ಇಳಿದಿರಬೇಕು, ಅದರ ಜೊತೆಗೆ ಆ ತಿಂಗಳ ಕಂತಿನ ಅಸಲಿನ ಭಾಗ. ಬರೀ ನಾಲ್ಕೈದು ಸಾವಿರ ಇಳಿದಿದ್ದರೆ ದುಡ್ಡು ಎಲ್ಲೋ ನಿಂತಿದೆ ಅಂತ ಅರ್ಥ.

ಇಷ್ಟೆಲ್ಲ ಹನ್ನೊಂದು ಪುಟದಿಂದ ಹೆಕ್ಕಿ ಹೇಳೋಕೆ ಪ್ರತಿ ಮನೆಗೂ ಒಬ್ಬ ಇಂಜಿನಿಯರ್ ಬೇಕಾ? ಬೇಡ. ಬ್ಯಾಂಕೇ ಕೊಡಬೇಕು. 2024ರ ಅಕ್ಟೋಬರ್ 1ರಿಂದ ವ್ಯಕ್ತಿಗಳ ಸಾಲಕ್ಕೂ, ಸಣ್ಣ ಉದ್ದಿಮೆಗಳ ಸಾಲಕ್ಕೂ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಅನ್ನೋ ಹಾಳೆ ಕಡ್ಡಾಯ. ಬಡ್ಡಿ ಸ್ಥಿರವೋ ಏರಿಳಿಯೋದೋ ಹೈಬ್ರಿಡ್ಡೋ, ಯಾವ ದರಕ್ಕೆ ಕಟ್ಟಿದೆ, ಅದು ಕಾಲು ಪರ್ಸೆಂಟ್ ಬದಲಾದರೆ ಕಂತು ಅಥವಾ ಕಂತಿನ ಸಂಖ್ಯೆ ಎಷ್ಟು ಬದಲಾಗುತ್ತೆ, ಬ್ಯಾಂಕಿಗೆ ಎಷ್ಟು ಶುಲ್ಕ, ಬೇರೆಯವರಿಗೆ ಎಷ್ಟು, ಎಪಿಆರ್, ಅವಧಿಗೆ ಮೊದಲೇ ತೀರಿಸಿದರೆ ಎಷ್ಟು, ಎಲ್ಲ ಅದರಲ್ಲಿ ತುಂಬಬೇಕು. ಅದರಲ್ಲಿ ಇಲ್ಲದ ಶುಲ್ಕವನ್ನು ಸಾಲಗಾರನ ಒಪ್ಪಿಗೆ ಇಲ್ಲದೆ ಆಮೇಲೆ ಹಾಕೋ ಹಾಗಿಲ್ಲ. ಹಾಳೆ ಕೊಟ್ಟ ಮೇಲೆ ಯೋಚನೆ ಮಾಡೋಕೆ ಕನಿಷ್ಠ ಮೂರು ಕೆಲಸದ ದಿನ ಕೊಡಬೇಕು, ಅಲ್ಲಿಯವರೆಗೆ ಬ್ಯಾಂಕ್ ಆ ಷರತ್ತುಗಳಿಗೆ ಬದ್ಧ. "ಇವತ್ತೇ ಸೈನ್ ಹಾಕಿ, ನಾಳೆ ಈ ದರ ಇರಲ್ಲ" ಅಂತ ಯಾರಾದರೂ ಹೇಳಿದರೆ ಈ ಮೂರು ದಿನ ನೆನಪು ಮಾಡಿ.

ಮತ್ತೆ, ಆ ಹಾಳೆ ಸಾಲಗಾರನಿಗೆ ಅರ್ಥ ಆಗೋ ಭಾಷೆಯಲ್ಲಿ ಇರಬೇಕು. ವಿವರಿಸಿ ಹೇಳಬೇಕು. ಅರ್ಥ ಆಯ್ತು ಅಂತ ಸಾಲಗಾರನಿಂದ ಬರೆಸಿಕೊಳ್ಳಬೇಕು. ಇದು ನನ್ನ ಕನ್ನಡಾಭಿಮಾನದ ಮಾತಲ್ಲ, ರಿಸರ್ವ್ ಬ್ಯಾಂಕಿನ ಸುತ್ತೋಲೆಯ ಮಾತು.

ಚಿಕ್ಕಪ್ಪನಿಗೆ ಕೊಟ್ಟ ಹಾಳೆ ಪೂರ್ತಿ ಇಂಗ್ಲಿಷು. ಕೊನೆಗೆ "ನಾನು ಓದಿ ಅರ್ಥ ಮಾಡಿಕೊಂಡಿದ್ದೇನೆ" ಅನ್ನೋ ಸಾಲು, ಅದೂ ಇಂಗ್ಲಿಷು. ಅದರ ಕೆಳಗೆ ಅವರ ಕನ್ನಡದ ಸಹಿಗೆ ಪೆನ್ಸಿಲಿನಲ್ಲಿ ಗುರುತು. ಕನ್ನಡದ್ದು ಕೊಡಿ ಅಂದಿದ್ದಕ್ಕೆ ಶಾಖೆಯಲ್ಲಿ ಬಂದ ಉತ್ತರ, "ಸಿಸ್ಟಮ್‌ನಲ್ಲಿ ಇಂಗ್ಲಿಷ್ ಮಾತ್ರ ಬರುತ್ತೆ ಸಾರ್."

ಸ್ವಾಮೀ, ಸಿಸ್ಟಮ್ ಬರೆಯೋದು ನಾವೇ! ಒಂದು ಟೆಂಪ್ಲೇಟು, ಅದರಲ್ಲಿ ಎರಡು ಮೂರು ಡಜನ್ ಪದ, ಉಳಿದದ್ದೆಲ್ಲ ಅಂಕಿ. ಅಂಕಿಗೆ ಅನುವಾದ ಬೇಕಿಲ್ಲ. ಯುನಿಕೋಡ್ ಬಂದು ಎಷ್ಟು ಕಾಲ ಆಯ್ತು. ನಾವು ಬಿಟ್ಟಿ ಜಾಗದಲ್ಲಿ, ಬಿಟ್ಟಿ ಫಾಂಟಿನಲ್ಲಿ ಕನ್ನಡ ಬರೀತಿದ್ದೀವಿ. ಸಾಲಕ್ಕೆ 17,700 ಪ್ರೊಸೆಸಿಂಗ್ ಶುಲ್ಕ ತಗೊಳ್ಳೋರಿಗೆ ಒಂದು ಹಾಳೆ ಆಗಲ್ಲ ಅಂದ್ರೆ ನಾನು ನಂಬಲ್ಲ.

ಇಲ್ಲಿ ನಮ್ಮವರ ಮೇಲೂ ನನಗೆ ಸಿಟ್ಟಿದೆ. ಎಟಿಎಂನಲ್ಲಿ ಕನ್ನಡ ಇಲ್ಲ ಅಂತ ಫೋಟೋ ಹಾಕ್ತೀವಿ, ಕೌಂಟರಿನಲ್ಲಿ ಕನ್ನಡ ಮಾತಾಡಲಿಲ್ಲ ಅಂತ ವಿಡಿಯೋ ಮಾಡ್ತೀವಿ, ಮೈಸೂರು ಬ್ಯಾಂಕು 2017ರಲ್ಲಿ ಹೋಯ್ತು, ವಿಜಯಾ ಬ್ಯಾಂಕು 2019ರಲ್ಲಿ ಹೋಯ್ತು ಅಂತ ಅಳ್ತೀವಿ. ಎಲ್ಲ ಸರಿ, ನಾನೂ ಅತ್ತಿದ್ದೀನಿ. ಎಟಿಎಂನಲ್ಲಿ ಇಂಗ್ಲಿಷ್ ಇದ್ದರೆ ಪಕ್ಕದವರನ್ನು ಕೇಳಿ ಐನೂರು ರೂಪಾಯಿ ತೆಗೀಬಹುದು. ಈ ಹಾಳೆ ಇಂಗ್ಲಿಷಲ್ಲಿ ಇದ್ದರೆ ಹೋಗೋದು ಲಕ್ಷಗಳು. ಕನ್ನಡ ಕೊಡಲೇಬೇಕು ಅಂತ ನಿಯಮ ಬೆಂಬಲಕ್ಕೆ ನಿಂತಿರೋ ಕಡೆ ಮಾತ್ರ ನಾವು ಕೇಳ್ತಿಲ್ಲ.

ಕೊಟ್ಟರೂ ಎಂಥ ಕನ್ನಡ ಕೊಡ್ತಾರೆ ಅನ್ನೋದು ಇನ್ನೊಂದು ತಲೆನೋವು. ಫ್ಲೋಟಿಂಗ್ ದರಕ್ಕೆ "ತೇಲುವ ದರ" ಅಂತ ನಾನೇ ಕಣ್ಣಾರೆ ನೋಡಿದ್ದೀನಿ, ಕೆರೆಯಲ್ಲಿ ತೇಲುತ್ತಾ? ಫೋರ್‌ಕ್ಲೋಷರ್ ಅನ್ನೋ ಪದ ಅದಕ್ಕಿಂತ ಅಪಾಯಕಾರಿ. ನಮ್ಮ ಬ್ಯಾಂಕುಗಳಲ್ಲಿ ಅದರ ಅರ್ಥ ಸಾಲಗಾರ ತಾನೇ ಬೇಗ ತೀರಿಸಿಬಿಡೋದು. ಅಮೆರಿಕದ ಕಡೆ ಅದೇ ಪದಕ್ಕೆ ಬ್ಯಾಂಕ್ ಮನೆ ಕಿತ್ತುಕೊಳ್ಳೋದು ಅಂತ. ಡಿಕ್ಷನರಿ ನೋಡಿ ಅನುವಾದ ಮಾಡಿದವರು ಎರಡನೇ ಅರ್ಥ ಹಿಡಿದರೆ, ಓದಿದ ರೈತ ಹೆದರಿ ಬೇಗ ತೀರಿಸೋ ಯೋಚನೆಯನ್ನೇ ಬಿಡ್ತಾನೆ. "ಅವಧಿಗೆ ಮುಂಚೆ ಪೂರ್ತಿ ತೀರಿಸಿದರೆ" ಅಂತ ಬರೆದರೆ ಮುಗೀತು.

ಚಿಕ್ಕಪ್ಪನಿಗೆ ನಾನು ಹಾಳೆಯ ಒಂದೇ ಮಗ್ಗುಲಲ್ಲಿ ಬರೆದುಕೊಟ್ಟಿದ್ದು ಇಷ್ಟು:

"ಚಿಕ್ಕಪ್ಪ, ಪತ್ರದಲ್ಲಿ 15 ಲಕ್ಷ, ನಿಮ್ಮ ಕೈಗೆ 14,27,800. ಮಧ್ಯದಲ್ಲಿ ಹೋಗಿರೋದರಲ್ಲಿ 48,000 ಜೀವವಿಮೆ, ಬೇಡ ಅನ್ನಬಹುದು. ಮೊದಲ ಮೂರು ವರ್ಷ ಬಡ್ಡಿ ನೂರಕ್ಕೆ 9, ಏರಲ್ಲ ಇಳಿಯಲ್ಲ. ಆದರೆ ಎರಡು ವರ್ಷ ಹೊಗೆಸೊಪ್ಪಿನ ದುಡ್ಡು ಇದಕ್ಕೆ ಕಟ್ಟೋ ಹಾಗಿಲ್ಲ, ಮೂರನೇ ವರ್ಷ ಕಟ್ಟಿದರೆ ಲಕ್ಷಕ್ಕೆ ತೆರಿಗೆ ಸೇರಿ 2,360 ದಂಡ. ಆಮೇಲೆ ದಂಡ ಇಲ್ಲ, ಬಡ್ಡಿ ಮಾತ್ರ ಮೂರು ಮೂರು ತಿಂಗಳಿಗೆ ಬದಲಾಗಬಹುದು. ಆಗ ಒಂದು ಪರ್ಸೆಂಟ್ ಏರಿದರೆ, ಕಂತು ಏರಿಸಿ ಅಂತ ನೀವು ಕೇಳದಿದ್ದರೆ, ವರ್ಷ ಜಾಸ್ತಿ ಆಗುತ್ತೆ. ಶುರುವಿನಿಂದಲೇ ಏರಿಳಿಯುವ ಬಡ್ಡಿ ಕೊಡ್ತಾರಾ, ಎಷ್ಟಕ್ಕೆ, ಅಂತ ಕೇಳಿ. ಅದು ಸಿಕ್ಕರೆ ಮೊದಲ ಹರಾಜಿನ ದುಡ್ಡೇ ದಂಡ ಇಲ್ಲದೆ ಕಟ್ಟಬಹುದು. ಬಡ್ಡಿ ಏರೋ ಭಯ ಮೊದಲ ದಿನದಿಂದಲೇ ಇರುತ್ತೆ, ಅದು ನಿಮ್ಮ ಲೆಕ್ಕಕ್ಕೆ ಬಿಟ್ಟಿದ್ದು."

ಓದಿ, "ಇದನ್ನ ಮೊದಲನೇ ಪುಟಕ್ಕೇ ಹಾಕಿದ್ರೆ ಆಯ್ತಿರಲಿಲ್ವೇನ್ಲಾ?" ಅಂದರು. ಮಾರನೇ ದಿನ ತಾವೇ ಮೈಸೂರಿಗೆ ಹೋದರು. ಏರಿಳಿಯುವ ಸಾಲ ಇತ್ತಂತೆ, ರೆಪೋ ಮೇಲೆ 3.50, ಅಂದರೆ 8.75. ಮೊದಲೇ ಯಾಕೆ ಹೇಳಲಿಲ್ಲ ಅಂದರೆ, "ನೀವು ಕೇಳಲಿಲ್ಲ" ಅಂದರಂತೆ. ಹೊಸ ಪತ್ರ ಬಂತು, ವಿಮೆ ಹೋಯ್ತು, ಮುಂಗಡ ಪಾವತಿಗೆ ಶುಲ್ಕ ಇಲ್ಲ ಅಂತ ಹಾಳೆಯಲ್ಲೇ ಬಂತು.

ಕನ್ನಡದ ಹಾಳೆ ಮಾತ್ರ ಇನ್ನೂ ಬಂದಿಲ್ಲ. ಇಂಗ್ಲಿಷ್ ಹಾಳೆಯ ಮೇಲೆ "ಕನ್ನಡದ ಪ್ರತಿ ಕೇಳಿದ್ದೇನೆ, ಕೊಟ್ಟಿಲ್ಲ" ಅಂತ ಚಿಕ್ಕಪ್ಪ ಕನ್ನಡದಲ್ಲೇ ಬರೆದು ಸೈನ್ ಹಾಕಿದ್ದಾರೆ. ಜೊತೆಗೆ ಶಾಖೆಗೆ ಲಿಖಿತ ದೂರು ಕೊಟ್ಟು, ಸ್ವೀಕೃತಿಯ ಸೀಲು ಹಾಕಿಸಿಕೊಂಡು ಬಂದಿದ್ದಾರೆ. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ `cms.rbi.org.in` ನಲ್ಲಿ ಓಂಬುಡ್ಸ್‌ಮನ್‌ಗೆ ಹಾಕ್ತೀವಿ. ಇವತ್ತಿಗೆ ಹನ್ನೊಂದು ದಿನ ಆಗಿದೆ. ನಿಮ್ಮಲ್ಲಿ ಯಾರಿಗಾದರೂ, ಯಾವುದೇ ಬ್ಯಾಂಕಿನಿಂದ ಈ ಹಾಳೆ ಕನ್ನಡದಲ್ಲಿ ಸಿಕ್ಕಿದ್ದರೆ, ಹೆಸರು ಖಾತೆ ನಂಬರ್ ಅಳಿಸಿ ನನಗೆ ಕಳಿಸಿ. ದೂರಿನ ಜೊತೆ ಲಗತ್ತಿಸೋಕೆ ಬೇಕು.